ಎರಡು ಸ್ವಾಗತ

ಮುಯ್ಯಿ ತೀರಿಸಿಕೊಳ್ಳುವ ದಿನ ನನ್ನ ಕಾಲ ಬುಡಕ್ಕೇ ನಡೆದು ಬಂದಿತ್ತು.

ರೈತರಿಗೆ ಬೆಳೆಯ ಬಗ್ಗೆ ಸಲಹೆ ಕೊಡುವ ಒಂದು ಖಾಸಗಿ ಕಂಪನಿಯ ಸಿಂಧನೂರು ಆಫೀಸಿನಲ್ಲಿ ನಾನು ಟೀಮ್ ಲೀಡ್. ಸೋಮವಾರದಿಂದ ನಮ್ಮಲ್ಲಿ ಸೇರಲಿದ್ದ ಹೊಸಬರ ಹೆಸರು ಮೇಲಿನ ಆಫೀಸಿನಿಂದ ಬಂತು. ಓದಿದ ಕೂಡಲೇ ಕಿವಿ ಬಿಸಿಯಾದವು. ಆಕೆ ಲಿಂಗಸುಗೂರಿನ ಇಂಥದೇ ಇನ್ನೊಂದು ಕಂಪನಿಯಲ್ಲಿ ನನ್ನ ಟೀಮ್ ಲೀಡ್ ಆಗಿದ್ದವಳು. ಅವಳಿದ್ದ ಕಂಪನಿ ಬಾಗಿಲು ಹಾಕಿತ್ತು.

ಅವಳ ಕೈಕೆಳಗೆ ಸೇರುವ ಮುಂಚೆ ನಾನು ಗಂಡನ ಮನೆ ಬಿಟ್ಟು ಮಸ್ಕಿಯ ತವರಿಗೆ ಬಂದಿದ್ದೆ. ಲಿಂಗಸುಗೂರಿನಲ್ಲಿ ಕೆಲಸ ಸಿಕ್ಕಾಗ ಅವ್ವ ದೇವರಿಗೆ ಕಾಯಿ ಒಡೆಸಿದ್ದಳು. ಮೊದಲ ದಿನ ಬಸ್ಸಿನಲ್ಲಿ ಕೂತಿದ್ದಾಗಲೇ ಆಫೀಸಿನ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದರು. ಅದರಲ್ಲಿ ಆ ಟೀಮ್ ಲೀಡಿನ ಸಂದೇಶ ಬಂತು:

"ಇಂದು ಹೊಸ ಹುಡುಗಿಯೊಬ್ಬಳು ಬರುತ್ತಾಳೆ. ಸಂಸಾರ ಸರಿ ಹೋಗದೆ ತವರಿಗೆ ಮರಳಿದ್ದಾಳೆ. ಕೆಲಸದ ಅಭ್ಯಾಸ ತಪ್ಪಿದೆ. ಎಲ್ಲರೂ ತಾಳ್ಮೆಯಿಂದ, ನಿಧಾನವಾಗಿ ಹೇಳಿಕೊಡಿ."

ಇಂಟರ್ವ್ಯೂನಲ್ಲಿ ನಡುವೆ ಕೆಲಸ ಬಿಟ್ಟದ್ದೇಕೆ ಎಂದು ಅವಳು ಕೇಳಿದಾಗ ನಾನು ನಂಬಿ ಹೇಳಿದ್ದ ಮಾತು ಅದು. ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಎಲ್ಲರೂ ಕಿವುಡಿಗೆ ಹೇಳುವ ಹಾಗೆ ನನ್ನ ಜೊತೆ ಮಾತಾಡಿದರು. ಊಟದ ಹೊತ್ತಿಗೆ ಒಬ್ಬಳು ಪಕ್ಕಕ್ಕೆ ಬಂದು, "ಗಂಡ ಬಿಟ್ಟಾನೋ, ನೀವ ಬಿಟ್ಟೀರೋ?" ಎಂದು ಕೇಳಿದಳು. ಅಲ್ಲಿ ಕೆಲಸ ಮಾಡಿದಷ್ಟು ಕಾಲ ನಾನು 'ಪಾಪದ ಹುಡುಗಿ'ಯಾಗಿಯೇ ಉಳಿದೆ.

ಈಗ ಅವಳಿಗೆ ಸ್ವಾಗತ ಬರೆಯುವ ಸರದಿ ನನ್ನದು. ಶುಕ್ರವಾರ ಸಂಜೆ ಬಾಗಿಲು ಹಾಕಿಕೊಂಡು ಕೂತೆ. ಬೆರಳು ತಾವಾಗಿಯೇ ಓಡಿದವು.

"ಸೋಮವಾರ ಹೊಸ ಮೇಡಂ ಒಬ್ಬರು ಬರುತ್ತಾರೆ. ಕಂಪನಿ ಮುಚ್ಚಿದ ಮೇಲೆ ಎಲ್ಲೂ ಕೆಲಸ ಸಿಗದೆ ನಮ್ಮಲ್ಲಿಗೆ ಬಂದಿದ್ದಾರೆ. ವಯಸ್ಸಾಗಿದೆ. ಭತ್ತ ಗೊತ್ತಿಲ್ಲ. ಎಲ್ಲರೂ ತಾಳ್ಮೆಯಿಂದ, ನಿಧಾನವಾಗಿ ಹೇಳಿಕೊಡಿ."

ಓದಿದೆ. ಸುಖವೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಇದನ್ನು ಕಳಿಸಿದರೆ ನನ್ನ ಹುಡುಗರು ಅವಳನ್ನು 'ಪಾಪ' ಅನ್ನುತ್ತಾರೆ. ಕೆಟ್ಟವಳು ನಾನಾಗುತ್ತೇನೆ. ಆ ಅನುಕಂಪವನ್ನೂ ಅವಳಿಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಎಲ್ಲ ಅಳಿಸಿ ಮತ್ತೆ ಬರೆದೆ, ಅವಳೊಬ್ಬಳಿಗೇ:

"ನಮಸ್ಕಾರ ಮೇಡಂ. ಸಿಂಧನೂರು ತಂಡಕ್ಕೆ ಸ್ವಾಗತ. ನೀವು ನಮ್ಮೊಂದಿಗೆ ಕೆಲಸ ಮಾಡಲಿರುವುದು ಸಂತೋಷ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಬಾಗಿಲಲ್ಲಿ ನಾನೇ ಇರುತ್ತೇನೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ತನ್ನಿ. ಮೊದಲ ವಾರ ಟಾರ್ಗೆಟ್ ಇಲ್ಲ. ನಮ್ಮ ಫೀಲ್ಡ್ ಸಹೋದ್ಯೋಗಿಯ ಜೊತೆ ದಢೇಸುಗೂರಿನ ಭತ್ತದ ಗದ್ದೆಗಳನ್ನು ನೋಡಿ ಬರಬಹುದು. ಶುಕ್ರವಾರ ನಾವಿಬ್ಬರೂ ಕೂತು ಮಾತಾಡೋಣ. ಅದಕ್ಕೆ ಮುಂಚೆ ಏನೇ ಸಂಶಯವಿದ್ದರೂ ನನಗೆ ಫೋನ್ ಮಾಡಿ. ತಂಡದ ಗುಂಪಿಗೆ ನಿಮ್ಮ ಪರಿಚಯವನ್ನು ಹೀಗೆ ಹಾಕಬೇಕೆಂದಿದ್ದೇನೆ: 'ತೊಗರಿ, ಜೋಳದ ಬೆಳೆಯಲ್ಲಿ ಬಹುಕಾಲದ ಅನುಭವ ಇರುವ ಮೇಡಂ ಸೋಮವಾರದಿಂದ ನಮ್ಮೊಂದಿಗೆ ಇರುತ್ತಾರೆ.' ಇದರಲ್ಲಿ ಏನಾದರೂ ಬದಲಿಸಬೇಕಿದ್ದರೆ ಹೇಳಿ. ನೀವು ಒಪ್ಪಿದ ಮೇಲೆಯೇ ಹಾಕುತ್ತೇನೆ."

ಆ ಕೊನೆಯ ಎರಡು ಸಾಲುಗಳನ್ನು ಹಲ್ಲು ಕಚ್ಚಿಕೊಂಡು ಬರೆದೆ.

ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಸರಿ ಇದೆ."

ಸೋಮವಾರ ಹತ್ತಕ್ಕೆ ಮುಂಚೆಯೇ ಬಂದಳು. ಕೂದಲು ಬೆಳ್ಳಗಾಗಿತ್ತು. ಮಾತಿಗೆ ಮೊದಲು ನನ್ನ ಮುಖವನ್ನೇ ನೋಡಿದಳು.

"ನಿಮ್ಮ ಮೆಸೇಜ್ ಮತ್ತ ಮತ್ತ ಓದೀನ್ರಿ," ಅಂದಳು. "ಎಲ್ಲಿ ಚುಚ್ಯಾಳ ಅಂತ ಹುಡುಕೀನಿ. ಸಿಗಲಿಲ್ಲ."

ಅಂದರೆ ತಾನು ಮಾಡಿದ್ದನ್ನು ಅವಳು ಮರೆತಿರಲಿಲ್ಲ! ಆ ಗಳಿಗೆ ನನ್ನೊಳಗೆ ಎದ್ದ ಖುಷಿಗೆ ಏನು ಹೇಳಲಿ? ಶನಿವಾರ, ಭಾನುವಾರವೆಲ್ಲ ಅವಳು ಮೊಬೈಲು ಹಿಡಿದು ನನ್ನ ಒಂದೊಂದು ಸಾಲನ್ನೂ ತಿರುವಿ ನೋಡಿದ್ದಳು.

"ಚುಚ್ಚೋದೇನೈತ್ರಿ ಮೇಡಂ? ಹೊಸಬರು ಬಂದಾಗ ಹಂಗ ಬರೀಬೇಕಲ್ರಿ," ಅಂದೆ.

ಅವಳ ಮುಖ ಇಳಿಯಿತು. "ಅವತ್ತು ನಾ ನಿಮ್ಮ ಬಗ್ಗೆ ಬರದದ್ದು…"

"ಬರ್ರಿ, ನಿಮ್ಮ ಕುರ್ಚಿ ತೋರಸ್ತೀನಿ."

ಹುಡುಗರು ಎದ್ದು ನಿಂತು ನಮಸ್ಕರಿಸಿದರು. ಒಬ್ಬ ಚಾ ತಂದ. ಸಂತೆಕಲ್ಲೂರಿನ ತೊಗರಿ ರೈತರು ಫೋನ್ ಮಾಡಿದರೆ ಇನ್ನು ನಿಮಗೇ ಕೊಡ್ತೀವ್ರಿ ಅಂದ ಇನ್ನೊಬ್ಬ. ಅವಳು ಚಾ ಕೈಯಲ್ಲಿ ಹಿಡಿದು ಕುಡಿಯುವುದನ್ನೇ ಮರೆತು ಕೂತಿದ್ದಳು.

ಕೆಲಸದಲ್ಲಿ ಅವಳನ್ನು ಬೈಯುವಂಥ ಒಂದು ಕಾರಣವೂ ನನಗೆ ಸಿಕ್ಕಿಲ್ಲ. ಭತ್ತವನ್ನೂ ಬೇಗ ಕಲಿತಳು. ಈಗ ಪ್ರತಿ ಶುಕ್ರವಾರ ನಡೆಯುವ ಮಾತುಕತೆಯಲ್ಲಿ ಆಗೀಗ, "ಆ ದಿನದ್ದೊಂದು ಮಾತು ಐತ್ರಿ," ಎಂದು ಶುರು ಮಾಡುತ್ತಾಳೆ. ತಪ್ಪಾಯ್ತು ಎಂದು ಹೇಳಿ ಹಗುರಾಗಬೇಕಿದೆ ಅವಳಿಗೆ. ನಾನು ಬಹಳ ಮರ್ಯಾದೆಯಿಂದ, ಬಹಳ ನಯವಾಗಿ, ಮುಂದಿನ ವಾರದ ಹಳ್ಳಿಗಳ ವಿಷಯ ತೆಗೆಯುತ್ತೇನೆ. ಅವಳು ಪೆನ್ನು ತೆಗೆದು ಬರೆದುಕೊಳ್ಳುತ್ತಾಳೆ.