ಕೋಷ್ಟಕದ ಕಾಲ್ಗುಣ

ಆ ಕೋಷ್ಟಕ ಮಾಡಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಇನ್ನೊಬ್ಬರ ಮೇಲೆ ಹರಿಹಾಯುವುದನ್ನು ಕಂಡು ಇವನೇನು ದೊಡ್ಡ ಸಾಚಾ ಅಂತ ಓದುವವರಿಗೆ ಅನ್ನಿಸೀತು.

ಕೊಪ್ಪಳದ ಒಂದು ಸಣ್ಣ ಸಂಸ್ಥೆಯಲ್ಲಿ ನನ್ನ ಕೆಲಸ ಸಮೀಕ್ಷೆಯ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸಿ ಕೋಷ್ಟಕ ತೆಗೆಯುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕಿನಲ್ಲಿ ನಮ್ಮ ಪಶುಸಖಿಯರಿದ್ದರು. ಪಶುಸಖಿ ಅಂದರೆ ಹಳ್ಳಿಯದೇ ಹೆಣ್ಣುಮಗಳು. ತರಬೇತಿ ಪಡೆದು ಕುರಿ, ಆಡುಗಳಿಗೆ ಜಂತಿನ ಔಷಧ ಕುಡಿಸುತ್ತಾಳೆ, ಸಣ್ಣಪುಟ್ಟ ಉಪಚಾರ ಮಾಡುತ್ತಾಳೆ, ಕೈಮೀರಿದರೆ ಡಾಕ್ಟರಿಗೆ ಫೋನು ಹಚ್ಚುತ್ತಾಳೆ. ಇವರಿಂದ ಏನಾದರೂ ಉಪಯೋಗ ಆಗಿದೆಯೇ ಅಂತ ನೋಡಲು ಮುನ್ನೂರು ಮನೆಗಳನ್ನು ಕೇಳಿದೆವು. ಈ ವರ್ಷ ನಿಮ್ಮ ದೊಡ್ಡಿಗೆ ಪಶುಸಖಿ ಬಂದಿದ್ದಳೇ? ಈ ವರ್ಷ ಮರಿ ಸತ್ತಿದೆಯೇ?

ಮರಿ ಸತ್ತದ್ದು ಮೊದಲೋ, ಆಕೆ ಬಂದದ್ದು ಮೊದಲೋ ಎಂಬ ಪ್ರಶ್ನೆಯೂ ಮೊದಲ ಕರಡಿನಲ್ಲಿತ್ತು. ಫಾರ್ಮು ಉದ್ದವಾಯಿತು ಅಂತ ಅದನ್ನು ತೆಗೆದುಹಾಕಿದವನೂ ನಾನೇ.

ಉತ್ತರಗಳು ಬಂದವು. ಪಶುಸಖಿ ಬಂದ ಮನೆ ಇನ್ನೂರು, ಅದರಲ್ಲಿ ಅರವತ್ತು ಮನೆಯಲ್ಲಿ ಮರಿ ಸತ್ತಿತ್ತು. ಬಾರದ ಮನೆ ನೂರು, ಅದರಲ್ಲಿ ಇಪ್ಪತ್ತು ಮನೆಯಲ್ಲಿ ಸತ್ತಿತ್ತು. ನಾನು ಅಭ್ಯಾಸಬಲದಿಂದ ಶೇಕಡಾವಾರನ್ನು ಕಂಬಸಾಲಿನ ಮೇಲೆ ತೆಗೆದೆ. ಅಂದರೆ ಮರಿ ಸತ್ತ ಎಂಬತ್ತು ಮನೆಗಳನ್ನು ನೂರು ಅಂತ ಹಿಡಿದು ಅದರಲ್ಲಿ ಪಶುಸಖಿ ಬಂದವೆಷ್ಟು ಅಂತ ಲೆಕ್ಕ ಹಾಕಿದೆ. ಎಪ್ಪತ್ತೈದು ಬಂತು. ನೂರು ಅಂದರೆ ಯಾವುದರ ನೂರು ಅಂತ ಕೆಳಗೆ ಒಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ.

ನಮ್ಮ ಮುಖ್ಯಸ್ಥರು ಅದನ್ನು ಕುಷ್ಟಗಿಯ ಸಭೆಯಲ್ಲಿ ಪರದೆಯ ಮೇಲೆ ಹಾಕಿಸಿದರು. ಕುರಿಗಾರರು, ಪಶುಸಖಿಯರು ಎಲ್ಲ ಕುಳಿತಿದ್ದರು. "ನೋಡ್ರಿ, ಪಶುಸಖಿ ಹೋದ ನಾಕು ಮನಿಯೊಳಗ ಮೂರು ಮನಿಯಾಗ ಮರಿ ಸತ್ತಾವ. ಇವರ ಕೆಲಸದಾಗ ಏನೋ ದೋಷ ಐತಿ," ಅಂದರು. ಮರಿ ಸತ್ತ ನಾಲ್ಕು ಮನೆಯಲ್ಲಿ ಮೂರು ಮನೆಗೆ ಆಕೆ ಹೋಗಿದ್ದಳು ಅನ್ನುವುದಕ್ಕೂ, ಆಕೆ ಹೋದ ನಾಲ್ಕು ಮನೆಯಲ್ಲಿ ಮೂರರಲ್ಲಿ ಸತ್ತವು ಅನ್ನುವುದಕ್ಕೂ ಎಷ್ಟು ಅಂತರ! ನಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದೆ. ತಪ್ಪು ಕಂಡಿತು. ನಾಲ್ಕು ಜನರ ಮುಂದೆ ಅವರ ಮಾತು ತಿದ್ದುವುದು ಹೇಗೆ ಅಂತ ಸುಮ್ಮನೆ ಮುಂದಿನ ಚಿತ್ರ ಹಾಕಿದೆ.

ಹದಿನೈದು ದಿನಕ್ಕೆ ಕುಷ್ಟಗಿ ಕಡೆಯ ಪಶುಸಖಿಯೊಬ್ಬಳ ಫೋನು ಬಂತು. ನನಗಿಂತ ಹಿರಿಯಳು, ನಾನು ಅಕ್ಕಾರ ಅನ್ನುತ್ತಿದ್ದೆ. "ದೊಡ್ಡಿ ಒಳಗ ಬಿಡವಲ್ರು ಸರ್ರ. ನನ್ನ ಕಾಲ್ಗುಣ ಛಲೋ ಇಲ್ಲ ಅಂತಾರ. ನಿಮ್ಮ ಕಂಪ್ಯೂಟರನ ಹೇಳೈತಲ್ಲ," ಅಂದಳು. ದನಿಯಲ್ಲಿ ಅಳು ಇರಲಿಲ್ಲ, ಸುಸ್ತು ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಸೊಸೆ ಬಂದ ವರ್ಷ ಎಮ್ಮೆ ಸತ್ತರೆ ಸೊಸೆಯ ಕಾಲ್ಗುಣ ಅನ್ನುವ ಮುದುಕಿಯರ ಮಾತಿಗೆ ನಾವು ತರಬೇತಿಗಳಲ್ಲಿ ಕುಳಿತು ನಗುತ್ತೇವೆ. ನಾವು ಮಾಡಿದ್ದೇನು? ಅದೇ ಕಾಲ್ಗುಣಕ್ಕೆ ಗೆರೆ ಎಳೆದು, ಬಣ್ಣ ತುಂಬಿ, ಶೇಕಡಾ ಹಾಕಿ ಕೊಟ್ಟಿದ್ದೆವು.

ಮರುದಿನ ಮುಖ್ಯಸ್ಥರ ಮುಂದೆ ಕಾಗದ ಹರವಿದೆ. ಪಶುಸಖಿಯರು ಹೋದ ಮನೆಗಳನ್ನೇ ನೂರು ಅಂತ ಹಿಡಿದರೆ ಮರಿ ಸತ್ತದ್ದು ಮೂವತ್ತರಲ್ಲಿ, ಎಪ್ಪತ್ತೈದರಲ್ಲಿ ಅಲ್ಲ.

"ಹೋಗದ ಮನಿಯಾಗ ಇಪ್ಪತ್ತು ಅಲ್ಲೇನು? ಆದ್ರೂ ಇವರು ಹೋದಲ್ಲೇ ಹೆಚ್ಚಾತಲ್ಲ," ಅಂದರು.

"ಸರ್, ಕರೆದಲ್ಲಿ ತಾನೆ ಹೋಗೂದು? ದೊಡ್ಡ ಹಿಂಡಿನವರು ಹೆಚ್ಚು ಕರೀತಾರ. ದೊಡ್ಡ ಹಿಂಡಿನಾಗ ಒಂದಾದ್ರೂ ಮರಿ ಸಾಯೂದು ಹೆಚ್ಚು." ಹಿಂಡಿನ ಲೆಕ್ಕದಲ್ಲಿ ಬೇರೆ ಮಾಡಿ ತೋರಿಸಿದೆ. ದೊಡ್ಡ ಹಿಂಡಿನವರಲ್ಲಿ ಪಶುಸಖಿಯರು ಹೋದ ನೂರೈವತ್ತು ಮನೆಯಲ್ಲಿ ಐವತ್ತನಾಲ್ಕು, ಅಂದರೆ ನೂರಕ್ಕೆ ಮೂವತ್ತಾರು. ಹೋಗದ ಇಪ್ಪತ್ತೈದರಲ್ಲಿ ಹತ್ತು, ನೂರಕ್ಕೆ ನಲವತ್ತು. ಎರಡು ಮೂರು ಆಡು ಕಟ್ಟಿದವರಲ್ಲಿ ಹೋದ ಐವತ್ತರಲ್ಲಿ ಆರು, ನೂರಕ್ಕೆ ಹನ್ನೆರಡು. ಹೋಗದ ಎಪ್ಪತ್ತೈದರಲ್ಲಿ ಹತ್ತು, ನೂರಕ್ಕೆ ಹದಿಮೂರು. ಎರಡೂ ಕಡೆ ಪಶುಸಖಿಯರು ಹೋದಲ್ಲಿ ಸಾವು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯೇ.

ಅವರ ಮುಖ ಅರಳಿತು. "ಹಂಗಾರ ಛಲೋ ಆತು. ಪಶುಸಖಿಯಿಂದ ಮರಿ ಸಾವು ಕಮ್ಮಿ ಆಗೈತಿ ಅಂತ ಬರದ್ಬಿಡು."

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ದೊಡ್ಡ ಹಿಂಡಿನವರಲ್ಲಿ ಪಶುಸಖಿ ಹೋಗದೆ ಮರಿ ಸತ್ತ ಆ ಹತ್ತು ಮನೆ ಒಂಬತ್ತಾಗಿದ್ದರೆ ಅಲ್ಲೂ ಮೂವತ್ತಾರೇ, ವ್ಯತ್ಯಾಸವೇ ಇಲ್ಲ. ಅದೂ ಅಲ್ಲದೆ ಕರೆಯುವವರು ಮೊದಲೇ ಹೆಚ್ಚು ಕಾಳಜಿಯವರೋ, ಮೇವು ಇದ್ದವರೋ, ನಾವು ಕೇಳಿಲ್ಲ. ಸತ್ತ ಮೇಲೆ ಕರೆದರೋ ಮೊದಲೇ ಕರೆದರೋ, ಅದನ್ನೂ ಕೇಳಿಲ್ಲ. ಒಂದೇ ಸಲ ಹೋಗಿ ಕೇಳಿದ ಎರಡು ಪ್ರಶ್ನೆಯಿಂದ ಇದರಿಂದ ಅದು ಆಯಿತು ಅನ್ನಲು ಬರುವುದಿಲ್ಲ, ಕೆಟ್ಟದ್ದಕ್ಕೂ ಇಲ್ಲ, ಒಳ್ಳೆಯದಕ್ಕೂ ಇಲ್ಲ ಅಂದೆ. "ನಿನಗೆ ಯಾವುದೂ ಬ್ಯಾಡ ನೋಡು," ಅಂತ ಅವರು ಸಿಡಿದರು. ಕೊನೆಗೆ ವರದಿಯಲ್ಲಿ ತಿದ್ದುಪಡಿ ಹಾಕಲು ಒಪ್ಪಿದರು. ಕುಷ್ಟಗಿಗೆ ಹೋಗಿ ಹೇಳಿ ಬನ್ನಿ ಅಂದರೆ ಮಾತ್ರ ಬೇರೆಲ್ಲೋ ಕೆಲಸವಿದೆ ಅಂತ ಕಾರಿನ ಕೀಲಿ ಹುಡುಕತೊಡಗಿದರು.

ನಾನೇ ಬಸ್ಸು ಹತ್ತಿದೆ. ಅಕ್ಕ ಊರ ಕುರಿಗಾರರ ಹಿರಿಯನ ಕಟ್ಟೆಗೆ ಕರೆದುಕೊಂಡು ಹೋದಳು. ತಾನು ಕಟ್ಟೆ ಹತ್ತದೆ ಕೆಳಗೇ ನಿಂತಳು. ಸಭೆಯಲ್ಲಿ ಹೇಳಿದ್ದು ತಪ್ಪು, ಲೆಕ್ಕ ತಲೆಕೆಳಗಾಗಿತ್ತು ಅಂದೆ. "ಯಜಮಾನರ, ದವಾಖಾನಿಗೆ ಹೋದವರೊಳಗ ಸಾಯೋರು ಹೆಚ್ಚು, ಮನಿಯಾಗ ಕುಂತವರೊಳಗ ಕಮ್ಮಿ. ಅದಕ್ಕ ದವಾಖಾನಿನ ಕೊಲ್ತೈತಿ ಅಂತೀರೇನು? ಜಡ್ಡು ಆದವರ ಅಲ್ಲಿಗೆ ಹೋಗ್ತಾರ, ಹೌದಿಲ್ಲೋ?"

ಹಿರಿಯ ತಲೆಯಾಡಿಸಿದ. "ಹೌದಪ ಅದು. ಹಂಗಾರ ಈಕಿ ಬಂದ್ರ ಮರಿ ಉಳಿತಾವೇನು? ಅಷ್ಟು ಹೇಳಿಬಿಡು, ನಾಳೆನ ದೊಡ್ಡಿಗೆ ಕರಸ್ತೀನಿ."

ಹೂಂ ಅನ್ನಬಹುದಿತ್ತು. ಒಂದು ಹೂಂ. ಅಕ್ಕ ಕೆಳಗಿನಿಂದ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅದನ್ನ ಈ ಲೆಕ್ಕದಿಂದ ಹೇಳಾಕ ಬರೂದಿಲ್ರಿ," ಅಂದೆ. "ಈಕಿಯಿಂದ ಸತ್ತಾವ ಅಂತನೂ ಹೇಳಾಕ ಬರೂದಿಲ್ಲ."

ಹಿರಿಯ ಎದ್ದು ರುಮಾಲು ಕೊಡವಿದ. "ಕೊಪ್ಪಳದಿಂದ ಇಷ್ಟು ದೂರ ಇದನ್ನ ಹೇಳಾಕ ಬಂದ್ಯಾ?" ಅಂತ ಒಳಗೆ ಹೋದ.

ಬಸ್ ಸ್ಟಾಪಿನವರೆಗೆ ಅಕ್ಕ ಜೊತೆಗೆ ಬಂದಳು. ಔಷಧದ ಚೀಲ ಹೆಗಲಲ್ಲೇ ಇತ್ತು, ಯಾರೂ ಕರೆಯದಿದ್ದರೂ ಹಾಕಿಕೊಂಡು ಹೊರಟಿದ್ದಳು. ಸುಳ್ಳು ಹೇಳಲು ಆಗಲಿಲ್ಲ ಅಕ್ಕಾರ ಅಂದೆ. ಆಕೆ ಸಿಟ್ಟಾಗಲಿಲ್ಲ.

"ಖರೇನ ಹೇಳೀರಿ ಬಿಡ್ರಿ," ಅಂದಳು. ಬಸ್ಸು ದೂರದಲ್ಲಿ ಕಾಣಿಸಿತು. "ಹೇಳಾಕ ಬರೂದಿಲ್ಲ ಅನ್ನೂ ಈ ಮಾತು ಅವತ್ತ ಸಭಾದಾಗ ಯಾಕ ಹೇಳ್ಲಿಲ್ರಿ, ಸರ್ರ? ಅಲ್ಲೆ ನನ್ನ ಮುಂದನ ನೀವು ಕುಂತಿದ್ರಲ್ಲ."