ಪಕ್ಕದ ಸೀಟು

ಚಿಗುಸಾಳಿಗೆ ಕಾದು ನೋಡುವುದೊಂದು ಜಾಯಮಾನ. ಶಿನ್‌ಶಿರೊದ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸಾರು ಕಾಯಿಸಿದವಳು, ಬೇರೆಲ್ಲವನ್ನೂ ‘ನಾಳೆ ನೋಡೋಣ’ ಎಂದೇ ಮುಂದೂಡಿದಳು. ಒಕಾಯಾಮಾದಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಲು ಹೊರಡುವಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಆವತ್ತಿನಿಂದ ತಮ್ಮ ಮೊರಿಯೊ ಮಾತು ಬಿಟ್ಟಿದ್ದ.

ನಾಳೆ ತಾಯಿಯ ಅಸ್ಥಿಯನ್ನು ಸಮಾಧಿಯಲ್ಲಿಡುವ ದಿನ. ಕಳೆದ ತಿಂಗಳು ಅವನಿಂದ ಚಿಕ್ಕದೊಂದು ಸಂದೇಶ ಬಂದಿತ್ತು: ‘ಒಕಾಯಾಮಾಕ್ಕೆ ಹೋಗುವ ಹಿಕಾರಿ ಬುಲೆಟ್ ರೈಲನ್ನು ನಾನು ನಗೋಯಾದಲ್ಲಿ ಹತ್ತುತ್ತೇನೆ. ಕಿಟಕಿ ಪಕ್ಕದ ಸೀಟು ಇ ನನ್ನದು, ಪಕ್ಕದ ಡಿ ಖಾಲಿ ಇದೆ.’ ಅಕ್ಕ ಕೂಡಲೇ ಅದನ್ನು ಕಾಯ್ದಿರಿಸಿದಳು. ಮುಂಗಡ ರಿಯಾಯಿತಿಯ ಟಿಕೆಟ್ಟು.

ಈಗ ತೊಯೊಹಾಶಿಗೆ ಹೋಗುವ ಲೋಕಲ್ ರೈಲು ಕಾಡಿನ ನಡುವೆ ಗಕ್ಕನೆ ನಿಂತಿತು.

"ಜಿಂಕೆ ಅಡ್ಡ ಬಂತು. ಎಷ್ಟು ಹೊತ್ತಾಗುತ್ತೋ ಹೇಳಕ್ಕಾಗಲ್ಲ, ಕ್ಷಮಿಸ್ಬೇಕು," ಎಂದ ಚಾಲಕ.

ತೊಯೊಹಾಶಿಯಲ್ಲಿ ಅವಳು ಹತ್ತಬೇಕಾದ ಹಿಕಾರಿ ಯಾರಿಗೂ ಕಾಯುವುದಿಲ್ಲ. ಚಿಗುಸಾ ಫೋನು ತೆಗೆದಳು. ನಿಯಮ ಸ್ಪಷ್ಟವಾಗಿತ್ತು: ಹೊರಡುವ ಮುನ್ನವಾದರೆ ಬದಲಾಯಿಸಬಹುದು, ಇಲ್ಲವೇ ಶುಲ್ಕ ಕಳೆದು ಹಣ ವಾಪಸ್ ಪಡೆಯಬಹುದು. ರೈಲು ತಪ್ಪಿದರೆ ಈ ಟಿಕೆಟ್ಟು ಸತ್ತಂತೆ; ಮುಂದಿನ ರೈಲಿನ ಕಾಯ್ದಿರಿಸದ ಬೋಗಿಗೂ ನಡೆಯದು. ಲೋಕಲ್ ತಡವಾಯಿತೆಂಬ ನೆಪವೂ ನಡೆಯದು.

ಜಿಂಕೆಯನ್ನು ಈಗ ಎಳೆದುಹಾಕಿಯಾರು, ಇನ್ನೂ ಸಿಕ್ಕೀತು ಎಂದು ಮನಸ್ಸು ಜಗ್ಗಿತು. ಬದಲಾಯಿಸಿದರೆ ತಮ್ಮನ ಪಕ್ಕದ ಸೀಟು ಕೈತಪ್ಪುತ್ತದೆ. ಖಾಲಿ ಸೀಟು ಕಂಡು ಅವನು ‘ಮತ್ತೆ ಬರಲಿಲ್ಲ’ ಎಂದುಕೊಳ್ಳುತ್ತಾನೆ. ಹಣ ವಾಪಸ್ ಗುಂಡಿ ಒತ್ತಿ ಮನೆಗೆ ಮರಳುವುದೇ ಸುಲಭವೆನಿಸಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಒತ್ತಿದಳು: ಬದಲಾವಣೆ. ತೊಯೊಹಾಶಿಯಲ್ಲಿ ನಿಲ್ಲುವ ಮುಂದಿನ ಹಿಕಾರಿ ಎರಡು ಗಂಟೆ ತಡ. ರಿಯಾಯಿತಿ ಹೋಯಿತು, ಹೆಚ್ಚಿನ ಹಣ ಕಾರ್ಡಿನಿಂದ ಕಡಿತವಾಯಿತು. ಪಕ್ಕದ ಇ ಖಾಲಿಯಿದ್ದ ಸಾಲೊಂದನ್ನು ಹುಡುಕಿ ಡಿ ಆರಿಸಿದಳು. ರೈಲಿನಲ್ಲಿ ಕುಳಿತು ಫೋನಿನಲ್ಲಿ ಮಾತಾಡುವಂತಿಲ್ಲ. ‘ಜಿಂಕೆಯಿಂದ ರೈಲು ನಿಂತಿದೆ. ಮುಂದಿನ ಹಿಕಾರಿ, ಹನ್ನೆರಡನೇ ಬೋಗಿ, ಏಳು ಡಿ. ಬರುತ್ತಿದ್ದೇನೆ,’ ಎಂದು ತಮ್ಮನಿಗೆ ಬರೆದಳು.

ಅವನು ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಕೊನೆಗೂ ಹಿಕಾರಿ ಹತ್ತಿ ಕುಳಿತು ಫೋನಿನಲ್ಲಿ ಸೀಟು ನಕ್ಷೆ ತೆರೆದರೆ, ಏಳು ಇ ಅಷ್ಟರಲ್ಲಿ ಬುಕ್ ಆಗಿತ್ತು. ಯಾರೋ ಏನೋ! ಅವನಂತೂ ಮೊದಲಿನ ರೈಲಿನಲ್ಲಿ ಹೋಗಿರುತ್ತಾನೆ ಎಂದುಕೊಂಡಳು.

ನಗೋಯಾದಲ್ಲಿ ಪೆಟ್ಟಿಗೆ ಹಿಡಿದವನೊಬ್ಬ ಅವಳ ಸಾಲಿನ ಬಳಿ ನಿಂತು, ಸಂಖ್ಯೆ ನೋಡಿ, ಹಿಂದಕ್ಕೆ ಹೋದ. ಅವನ ಬೆನ್ನಿಗೆ ಕೂದಲು ಬೆಳ್ಳಗಾದ ಮೊರಿಯೊ ನಿಂತಿದ್ದ.

"ಪ್ಲಾಟ್‌ಫಾರ್ಮಲ್ಲಿ ಎರಡು ಗಂಟೆ ಕಾದೆ ಕಣೇ. ನನ್ನ ರಿಯಾಯಿತಿನೂ ಹೋಯ್ತು."

"ಅಮ್ಮನ್ನೂ ಹಿಂಗೇ ಕಾಯಿಸ್ಬಿಟ್ಟೆ ಕಣೋ," ಎಂದಳು ಚಿಗುಸಾ.

ಅವನು ತನ್ನ ಚೀಲವನ್ನು ಮೇಲಿನ ಹಲಗೆಗೆ ಏರಿಸಿದ.

"ಗೊತ್ತು. ಕಾಲು ತೆಗಿ ಅಕ್ಕಾ, ಕಿಟಕಿ ನಂದು."