ಚಹಾ ಬರುವ ಮುಂಚೆ ಮುಗಿದ ಐವತ್ತು ಕಾರ್ಡು

ಮೈಸೂರಿನಿಂದ ಹೈದರಾಬಾದಿಗೆ ಹೋದ ಹೊಸದರಲ್ಲಿ ನಾರಾಯಣಗೂಡದ ಒಂದು ಪುಟ್ಟ ಕಂಪನಿಯಲ್ಲಿ ನನಗೆ ಕೆಲಸ. ಆಸ್ಪತ್ರೆಯೊಂದರ ಹಳೆಯ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರಿನಿಂದ ಓದಿಸುತ್ತಿದ್ದೆವು. ಟೈಪ್‌ರೈಟರಿನಲ್ಲಿ ಹೊಡೆದ ಮಾಸಲು ಕಾರ್ಡುಗಳು. ಒಂದೊಂದರಲ್ಲೂ ಹೆಸರು, ವಯಸ್ಸು, ಊರು, ರೋಗಿಯ ನಂಬರು. ಸಾಫ್ಟ್‌ವೇರ್ ಎಷ್ಟು ಸರಿ ಓದುತ್ತದೆಂದು ತಿಳಿಯಲು ಐವತ್ತು ಕಾರ್ಡುಗಳನ್ನು ಕೈಯಿಂದ ಟೈಪ್ ಮಾಡಿ, ಎರಡನ್ನೂ ಹೋಲಿಸಬೇಕಿತ್ತು. ಅದು ನನ್ನ ಪಾಲಿಗೆ ಬಂತು.

ನಾನೋ ಮಹಾ ಬುದ್ಧಿವಂತ! ಸಾಫ್ಟ್‌ವೇರ್ ಓದಿಟ್ಟದ್ದನ್ನೇ ತೆರೆದುಕೊಂಡು, ಕಾರ್ಡಿನ ಮೇಲೆ ಕಣ್ಣಾಡಿಸುತ್ತಾ ತಪ್ಪು ಕಂಡಲ್ಲಿ ತಿದ್ದಿದೆ. ಚಹಾ ಬರುವ ಮುಂಚೆಯೇ ಐವತ್ತೂ ಮುಗಿದವು. ಸಿಕ್ಕಿದ್ದು ಎರಡೇ, ಎರಡೂ ಹೆಸರಿನಲ್ಲಿ. ಕಾರ್ಡಿಗೆ ನಾಲ್ಕು ವಿವರದಂತೆ ಇನ್ನೂರರಲ್ಲಿ ನೂರ ತೊಂಬತ್ತೆಂಟು ಸರಿ ಎಂದು ವರದಿ ಕೊಟ್ಟೆ. ಮ್ಯಾನೇಜರ್ ಹಿರಿಹಿರಿ ಹಿಗ್ಗಿದರು. ಹಾಗಾದರೆ ಕಾರ್ಡುಗಳನ್ನು ಕೈಯಿಂದ ಟೈಪ್ ಮಾಡಲು ಇಟ್ಟುಕೊಂಡಿದ್ದ ಆರೂ ಜನರನ್ನು ಈ ತಿಂಗಳಿಗೇ ಬಿಡಿಸಿಬಿಡೋಣ ಅಂದರು.

ಆ ಆರು ಜನರಲ್ಲಿ ಕಲಬುರಗಿಯ ಅಕ್ಕ ಒಬ್ಬರು. ನನ್ನ ಡಬ್ಬಿಯ ಒಣ ಉಪ್ಪಿಟ್ಟು ನೋಡಿ ದಿನಾ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದವರು. ಸುದ್ದಿ ಕೇಳಿ ನನ್ನ ಹತ್ತಿರ ಬಂದರು.

“ತಮ್ಮಾ, ಕಾರ್ಡ್ ನೋಡಿ ಹೊಡದೀಯೋ, ಮಷೀನ್ ಬರದದ್ದು ನೋಡಿ ತಿದ್ದೀಯೋ?”

“ಕಾರ್ಡ್ ನೋಡ್ಕೊಂಡೇ ಅಕ್ಕ,” ಅಂದುಬಿಟ್ಟೆ.

“ಹಂಗಾರ ಸರಿ ಬಿಡು,” ಎಂದು ಅವರು ಹೋದರು. ಆವತ್ತು ಅವರು ಕೊಟ್ಟ ರೊಟ್ಟಿಯನ್ನು ತಿನ್ನದೆ ಡಬ್ಬಿಯಲ್ಲೇ ಮನೆಗೆ ಒಯ್ದೆ. ನಾಚಿಕೆಯಾಗಿತ್ತು.

ಮರುದಿನ ಮ್ಯಾನೇಜರ್ ಮುಂದೆ ಒಪ್ಪಿಕೊಂಡೆ. ಬೈದರು, ಚೆನ್ನಾಗಿಯೇ ಬೈದರು. ಆಮೇಲೆ ಅವೇ ಐವತ್ತು ಕಾರ್ಡುಗಳನ್ನು ನಾನೊಂದು ಕಡೆ, ಅಕ್ಕ ಒಂದು ಕಡೆ, ಸಾಫ್ಟ್‌ವೇರ್ ಓದಿದ್ದನ್ನು ನೋಡದೆ ಖಾಲಿ ಹಾಳೆಯಲ್ಲಿ ಟೈಪ್ ಮಾಡಿದೆವು. ನಮ್ಮಿಬ್ಬರದು ಮೂರು ಕಡೆ ಬೇರೆಯಾಯಿತು. ಕಾರ್ಡು ತೆಗೆದು ನೋಡಿದರೆ ಎರಡು ನನ್ನ ತಪ್ಪು, ಒಂದು ಅವರದು. ಹಾಗೆ ಸರಿಮಾಡಿಕೊಂಡ ಪಟ್ಟಿಯೊಂದಿಗೆ ಸಾಫ್ಟ್‌ವೇರನ್ನು ಹೋಲಿಸಿದಾಗ ತಪ್ಪು ಹದಿನಾಲ್ಕು. ಹೆಸರಿನಲ್ಲಿ ಅದೇ ಎರಡು. ಉಳಿದ ಹನ್ನೆರಡೂ ರೋಗಿಯ ನಂಬರಿನಲ್ಲಿ. ಅಲ್ಲಿ ಮಾಸಿದ್ದ ಮೂರನ್ನೆಲ್ಲ ಸಾಫ್ಟ್‌ವೇರ್ ಎಂಟು ಎಂದು ಓದಿತ್ತು. ತೆರೆಯ ಮೇಲೆ ಎಂಟು ಇದ್ದದ್ದಕ್ಕೆ ನನ್ನ ಕಣ್ಣಿಗೂ ಕಾರ್ಡಿನಲ್ಲಿ ಎಂಟೇ ಕಂಡಿತ್ತು. ಒಟ್ಟಾರೆ ನೋಡಿದರೆ ನೂರಕ್ಕೆ ತೊಂಬತ್ತಮೂರು, ಪರವಾಗಿಲ್ಲ ಅನ್ನಬಹುದು. ನಂಬರನ್ನು ಮಾತ್ರ ನೋಡಿದರೆ ಐವತ್ತರಲ್ಲಿ ಮೂವತ್ತೆಂಟು. ನಂಬರು ತಪ್ಪಿದರೆ ಒಬ್ಬರ ಹೆಸರಿಗೆ ಇನ್ನೊಬ್ಬರ ಕಾಯಿಲೆ!

ನಂಬರನ್ನು ಕೈಯಿಂದಲೇ, ಇಬ್ಬರಿಂದ ಬೇರೆಬೇರೆಯಾಗಿ ಟೈಪ್ ಮಾಡಿಸುವುದೆಂದು ತೀರ್ಮಾನವಾಯಿತು. ಆರೂ ಜನ ಉಳಿದರು.

ಮಧ್ಯಾಹ್ನ ಅಕ್ಕನ ಹತ್ತಿರ ಹೋಗಿ, “ಸುಳ್ಳು ಹೇಳಿದ್ದೆ, ತಪ್ಪಾಯ್ತು,” ಅಂದೆ.

“ನಂಗ ಗೊತ್ತಿತ್ತೋ ಮಾರಾಯಾ. ಐವತ್ತು ಕಾರ್ಡ್ ಚಾ ಬರೋದ್ರೊಳಗ ನನ್ನ ಕೈಲೇ ಆಗಂಗಿಲ್ಲ, ನಿನ್ನ ಕೈಲೆ ಆಗ್ತೈತೇನು?”

“ಮತ್ತೆ ಮ್ಯಾನೇಜರಿಗೆ ಯಾಕೆ ಹೇಳಲಿಲ್ಲ?”

ಅಕ್ಕ ರೊಟ್ಟಿ ಮುರಿದು ಅರ್ಧ ನನ್ನ ಡಬ್ಬಿಗೆ ಹಾಕಿದರು.

“ನಾ ಹೇಳಿದ್ರ ನಿನ್ನ ನೌಕರಿ ಹೋಗ್ತಿತ್ತು. ನೀನ ಹೇಳ್ತಿ ಅಂತ ಕಾದೆ.”